ಅಂಗಡಿಯ ಹಳೆ ಪಿಸಿಯಲ್ಲಿ ಡರ್ಟ್ ರ‍್ಯಾಲಿ: ರ‍್ಯಾಮ್ ಹಾಕಬೇಕಾ, ಗ್ರಾಫಿಕ್ಸ್ ಕಾರ್ಡ್ ಹಾಕಬೇಕಾ?

ಉಡುಪಿ ರಥಬೀದಿಯ ಹತ್ತಿರದ ಒಂದು ಪಾತ್ರೆ ಅಂಗಡಿಯಲ್ಲಿ ಬಿಲ್ಲಿಂಗ್‌ಗೆ ಇಟ್ಟಿದ್ದು ಡೆಲ್ ಆಪ್ಟಿಪ್ಲೆಕ್ಸ್ 7010, ಚಪ್ಪಟೆ ಡಬ್ಬಿಯ ಮಾದರಿ. ಒಳಗೆ ಕೋರ್ ಐ5-3470 ಪ್ರೊಸೆಸರ್, 4 ಜಿಬಿಯ ಒಂದೇ ರ‍್ಯಾಮ್ ಕಡ್ಡಿ, 500 ಜಿಬಿ ಹಾರ್ಡ್ ಡಿಸ್ಕ್, 64 ಬಿಟ್ ವಿಂಡೋಸ್ 10. ಮಗನಿಗೆ ಅದರಲ್ಲಿ 2015ರ ಕಾರ್ ರೇಸ್ ಗೇಮ್ ಡರ್ಟ್ ರ‍್ಯಾಲಿ ಓಡಿಸಬೇಕಿತ್ತು. ಅಪ್ಪ ಹೇಳಿದ್ದು ಇಷ್ಟೇ: "ಟ್ಯಾಲಿ ಡೇಟಾ ಮೊದಲು ಪೆನ್‌ಡ್ರೈವ್‌ಗೆ ಹಾಕು, ಆಮೇಲೆ ಏನು ಬೇಕಾದರೂ ಬಿಚ್ಚು ಮಾರಾಯ."

ಗೇಮ್‌ನ ಕನಿಷ್ಠ ಬೇಡಿಕೆ ನೋಡಿದರೆ ಪ್ರೊಸೆಸರ್ ಆರಾಮವಾಗಿ ಪಾಸು. ಕೋರ್ 2 ಡ್ಯುಯೋ ಸಾಕು ಎಂದಿದೆ. ಎಡವಟ್ಟು ಇರುವುದು ಗ್ರಾಫಿಕ್ಸ್‌ನಲ್ಲಿ. ಗೇಮ್ ಕೇಳುವುದು ಇಂಟೆಲ್ ಎಚ್‌ಡಿ 4000. ಈ ಪ್ರೊಸೆಸರ್ ಒಳಗಿರುವುದು ಎಚ್‌ಡಿ 2500. ಎರಡೂ ಒಂದೇ ತಲೆಮಾರಿನವು. ಆದರೆ 4000ದಲ್ಲಿ ಚಿತ್ರ ಬಿಡಿಸುವ ಘಟಕಗಳು 16, 2500ರಲ್ಲಿ ಬರೀ 6.

ಏನೂ ಹಾಕದೆ ಓಡಿಸಿದಾಗ ಗೇಮ್ ತೆರೆಯಿತು. 1280×720ರಲ್ಲಿ, ಎಲ್ಲ ಸೆಟ್ಟಿಂಗ್ ತೀರಾ ಕೆಳಗಿಟ್ಟರೂ ಸ್ಟೀಮ್‌ನ ಎಫ್‌ಪಿಎಸ್ ಕೌಂಟರ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆಂಬ ಎಣಿಕೆ, 20ರ ಆಸುಪಾಸಿನಲ್ಲೇ ಕುಂಟುತ್ತಿತ್ತು. ರ‍್ಯಾಲಿ ಗೇಮ್‌ಗೆ ಇದು ಸಾಲುವುದಿಲ್ಲ: ಸ್ಟೇರಿಂಗ್ ತಿರುಗಿಸಿದ್ದು ಕಣ್ಣಿಗೆ ಕಾಣುವಷ್ಟರಲ್ಲಿ ಕಾರು ತಿರುವು ದಾಟಿರುತ್ತದೆ.

ಅಡ್ಡಿ ಯಾವುದೆಂದು ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡೋಣವೆಂದರೆ, ಇಷ್ಟು ಹಳೆಯ ಇಂಟೆಲ್ ಡ್ರೈವರ್‌ಗೆ ಜಿಪಿಯು ಗ್ರಾಫ್ ಬರುವುದೇ ಇಲ್ಲ. ಇದಕ್ಕೊಂದು ಸುಲಭದ ದಾರಿ ಇದೆ. ರೆಸಲ್ಯೂಶನ್ ಮಾತ್ರ ಇಳಿಸಿ, ಗೇಮ್ ಒಳಗಿನ ವೇಗ ಅಳೆಯುವ ಬೆಂಚ್‌ಮಾರ್ಕ್ ಮತ್ತೆ ಓಡಿಸುವುದು. ಎಫ್‌ಪಿಎಸ್ ಏರಿದರೆ ಗ್ರಾಫಿಕ್ಸ್ ಸೋಲುತ್ತಿದೆ ಎಂದರ್ಥ. ಇದ್ದಲ್ಲೇ ಇದ್ದರೆ ಪ್ರೊಸೆಸರ್ ಅಥವಾ ರ‍್ಯಾಮ್ ಕಡೆ ನೋಡಬೇಕು. ಇಲ್ಲಿ ಏರಿತು.

ಮೊದಲ ಆಯ್ಕೆ ಇನ್ನೊಂದು 4 ಜಿಬಿ ಡಿಡಿಆರ್3-1600 ಕಡ್ಡಿ. ಸೆಕೆಂಡ್ ಹ್ಯಾಂಡ್ ಆದರೆ ಕೆಲವು ನೂರು ರೂಪಾಯಿಯ ಮಾತು. ಎಚ್‌ಡಿ 2500ಕ್ಕೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಿಂದಲೇ ಕಡ ತೆಗೆಯುತ್ತದೆ. ಒಂದು ಕಡ್ಡಿಯ ದಾರಿ ಸೆಕೆಂಡಿಗೆ 12.8 ಜಿಬಿ, ಎರಡು ಕಡ್ಡಿ ಜೋಡಿಯಾದರೆ 25.6. ಹಾಗಾಗಿ 4 ತೆಗೆದು 8ರ ಒಂದೇ ಕಡ್ಡಿ ಹಾಕುವುದಕ್ಕಿಂತ 4+4 ಮೇಲು. ಒಂದೇ ಬಣ್ಣದ ಲ್ಯಾಚ್ ಇರುವ ಸ್ಲಾಟ್‌ಗಳಲ್ಲಿ ಹಾಕಿ, CPU-Z ಎಂಬ ಸಾಫ್ಟ್‌ವೇರ್‌ನ Memory ಪುಟದಲ್ಲಿ "Dual" ಬಂದಿದೆಯೇ ನೋಡಬೇಕು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಹಳೆ ಕಡ್ಡಿಯ ಬಂಗಾರದ ಬಣ್ಣದ ಹಲ್ಲುಗಳು ಮಾಸಿರುತ್ತವೆ. ಹಾಕಿದ ಮೇಲೆ ಸ್ಕ್ರೀನ್ ಕಪ್ಪಾಗಿಯೇ ಇದ್ದರೆ ಪ್ಲಗ್ ಕಿತ್ತು, ಕಡ್ಡಿ ಹೊರತೆಗೆದು, ಬಿಳಿ ರಬ್ಬರಿನಿಂದ ಹಲ್ಲುಗಳನ್ನು ಮೆಲ್ಲ ಉಜ್ಜಿ, ಪುಡಿ ಊದಿ ಮತ್ತೆ ಕೂರಿಸಬೇಕು.

ಫಲ? ಹಾರ್ಡ್ ಡಿಸ್ಕ್ ಗರಗರ ನಿಂತಿತು, ನಡುನಡುವೆ ಗಕ್ಕನೆ ನಿಲ್ಲುವುದು ತಪ್ಪಿತು, ಟ್ಯಾಲಿ ಕೂಡ ಚುರುಕಾಯಿತು. ಎಫ್‌ಪಿಎಸ್ ಸ್ವಲ್ಪ ಮೇಲೆ ಬಂತು, ಆದರೆ 30ರಲ್ಲಿ ನಿಲ್ಲಲಿಲ್ಲ. 6 ಘಟಕಗಳು 6 ಘಟಕಗಳೇ.

ಎರಡನೆಯದು ಗ್ರಾಫಿಕ್ಸ್ ಕಾರ್ಡ್. ಈ ಡಬ್ಬಿಯ ಪವರ್ ಸಪ್ಲೈ 240 ವ್ಯಾಟ್, ಕಾರ್ಡ್‌ಗೆ ಬೇರೆ ಪವರ್ ವಯರ್ ಇಲ್ಲ, ಎತ್ತರವೂ ಅರ್ಧ. ಹಾಗಾಗಿ ಗಿಡ್ಡ ಬ್ರಾಕೆಟ್ ಇರುವ ಜಿಟಿ 1030 ಸರಿಹೊಂದುತ್ತದೆ; ಅದು ಎಳೆಯುವುದು 30 ವ್ಯಾಟ್. ಕೊಳ್ಳುವಾಗ ಡಬ್ಬದ ಮೇಲೆ ಜಿಡಿಡಿಆರ್5 ಎಂದು ಇರಲೇಬೇಕು. ಇದೇ ಹೆಸರಿನಲ್ಲಿ ಡಿಡಿಆರ್4 ಕಾರ್ಡ್ ಕೂಡ ಮಾರಾಟವಾಗುತ್ತದೆ. ಅದರ ಮೆಮೊರಿ ವೇಗ ಸೆಕೆಂಡಿಗೆ 16.8 ಜಿಬಿ, ಜಿಡಿಡಿಆರ್5ರದ್ದು 48. ಒಂದೇ ಹೆಸರಿಟ್ಟು ಹೀಗೆ ಮಾರುವುದು ಗಿರಾಕಿಗೆ ಮಾಡುವ ಅನ್ಯಾಯ.

ಕಾರ್ಡ್ ಹಾಕಿದ ಮೇಲೆ ಗೇಮ್ ಬೇರೆಯೇ ಆಯಿತು. ಅಂಗಡಿಯ ಮಾನಿಟರ್‌ನ 1366×768ರಲ್ಲಿ, ಮೀಡಿಯಂ ಸೆಟ್ಟಿಂಗ್‌ನಲ್ಲಿ ಕೌಂಟರ್ 60ರ ಹತ್ತಿರ ನಿಂತಿತು. ಮಳೆಯ ಸ್ಟೇಜ್‌ಗಳಲ್ಲಿ ಮಾತ್ರ ಕೆಳಗಿಳಿಯುತ್ತಿತ್ತು. ಹೊಸ ರ‍್ಯಾಮ್ ಕಡ್ಡಿ ತೆಗೆದು 4 ಜಿಬಿಯಲ್ಲೇ ಇದೇ ಕಾರ್ಡ್ ಓಡಿಸಿದಾಗಲೂ ಎಫ್‌ಪಿಎಸ್ ಹೆಚ್ಚುಕಡಿಮೆ ಅಷ್ಟೇ, ಏಕೆಂದರೆ ಕಾರ್ಡ್‌ಗೆ ಸ್ವಂತ 2 ಜಿಬಿ ಇದೆ. ಆದರೆ ಸ್ಟೇಜ್ ಲೋಡ್ ಆಗುವಾಗಿನ ಗಕ್ಕು ಮರಳಿ ಬಂತು. ದುಡ್ಡು ಒಂದಕ್ಕೇ ಇದ್ದರೆ ಈ ಗೇಮ್‌ಗೆ ಕಾರ್ಡ್, ಅಂಗಡಿ ಕೆಲಸಕ್ಕೆ ರ‍್ಯಾಮ್. ಎಸ್‌ಎಸ್‌ಡಿ ಹಾಕಿದರೆ ಲೋಡಿಂಗ್ ಬೇಗ ಮುಗಿಯುತ್ತದೆ, ಎಫ್‌ಪಿಎಸ್ ಏರುವುದಿಲ್ಲ.

ಕಾರ್ಡ್‌ನ ಖರ್ಚಿಗೆ ಇನ್ನೊಂದು ಬಾಬ್ತು ಸೇರಿಸಿಕೊಳ್ಳಬೇಕು. ಅಂಗಡಿಯ ಮಾನಿಟರ್‌ಗೆ ವಿಜಿಎ ಒಂದೇ ಇತ್ತು, ಜಿಟಿ 1030ರಲ್ಲಿ ವಿಜಿಎ ಇಲ್ಲ. ಅದರ ಡಿವಿಐ ಬರೀ ಡಿಜಿಟಲ್ ಆದ್ದರಿಂದ ಅಗ್ಗದ ಡಿವಿಐ–ವಿಜಿಎ ಪಿನ್ ಬದಲಿಸುವ ಅಡಾಪ್ಟರ್ ಕೆಲಸ ಮಾಡುವುದಿಲ್ಲ. ಒಳಗೆ ಚಿಪ್ ಇರುವ ಎಚ್‌ಡಿಎಂಐ–ವಿಜಿಎ ಕನ್ವರ್ಟರ್ ತರಬೇಕು, ಕೇಬಲನ್ನು ಮದರ್‌ಬೋರ್ಡಿನ ಪೋರ್ಟ್‌ನಿಂದ ಕಿತ್ತು ಕಾರ್ಡ್‌ಗೇ ಚುಚ್ಚಬೇಕು.