ಡಾಲರ್ ಠೇವಣಿಯೋ ರೂಪಾಯಿ ಠೇವಣಿಯೋ: ಮೂರು ವರ್ಷದ ಮೇಲೆ ನಮ್ಮ ಕೈಗೆ ಬಂದದ್ದು

2019ರ ಅಕ್ಟೋಬರ್‌ನಲ್ಲಿ, ದುಬೈನಲ್ಲಿ ದುಡಿದು ಉಳಿಸಿದ ಇಪ್ಪತ್ತು ಸಾವಿರ ಡಾಲರನ್ನು ನಾವು ಎರಡು ಪಾಲು ಮಾಡಿ ಭಾರತದ ಒಂದೇ ಬ್ಯಾಂಕಿನಲ್ಲಿ ಮೂರು ವರ್ಷದ ಅವಧಿಗೆ ಇಟ್ಟೆವು. ಒಂದು ಪಾಲು ಎನ್‌ಆರ್‌ಇ ಠೇವಣಿಗೆ ಹೋಯಿತು. ಅದು ರೂಪಾಯಿಯಲ್ಲಿದ್ದು, ಬಡ್ಡಿ ಶೇ. 6.5. ಇನ್ನೊಂದು ಪಾಲು ಎಫ್‌ಸಿಎನ್‌ಆರ್ ಠೇವಣಿಗೆ ಹೋಯಿತು. ಅದು ಡಾಲರಿನಲ್ಲಿಯೇ ಉಳಿಯುವಂಥದ್ದು, ಬಡ್ಡಿ ಶೇ. 2.5. ಎರಡರ ಬಡ್ಡಿಗೂ ಅನಿವಾಸಿಗಳಿಗೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ, ಎರಡನ್ನೂ ಅಸಲು ಬಡ್ಡಿ ಸಮೇತ ಹೊರದೇಶಕ್ಕೆ ಒಯ್ಯಬಹುದು. ಆದ್ದರಿಂದ ಇವೆರಡರ ನಡುವೆ ನಿಜವಾದ ವ್ಯತ್ಯಾಸ ಉಳಿದದ್ದು ಬಡ್ಡಿ ಮತ್ತು ವಿನಿಮಯ ದರದಲ್ಲಿ ಮಾತ್ರ. ನನ್ನ ಒಲವು ಡಾಲರ್ ಠೇವಣಿಯ ಕಡೆಗೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ; ಹಾಗೆಂದು ಅದರಿಂದ ನಮಗೆ ಆದ ಕಿರಿಕಿರಿಯೇನೂ ಕಡಿಮೆಯದಲ್ಲ.

ಮೊದಲು ಎನ್‌ಆರ್‌ಇ ಲೆಕ್ಕ. ಹತ್ತು ಸಾವಿರ ಡಾಲರನ್ನು ಬ್ಯಾಂಕು 70.40ರ ದರದಲ್ಲಿ ಕೊಂಡಿತು, ಅಂದರೆ 7,04,000 ರೂಪಾಯಿ ಠೇವಣಿಯಾಯಿತು. ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರುತ್ತಾ ಮೂರು ವರ್ಷಕ್ಕೆ ಅದು ಸುಮಾರು 8,54,240 ಆಯಿತು. ಕಾಗದದ ಮೇಲೆ ಶೇ. 21ಕ್ಕೂ ಮಿಕ್ಕಿದ ಬೆಳವಣಿಗೆ. ಆದರೆ ಆ ಹಣ ನಮಗೆ ಬೇಕಾಗಿದ್ದದ್ದು ಮಗಳ ಕಾಲೇಜು ಶುಲ್ಕಕ್ಕೆ, ಅದೂ ಡಾಲರಿನಲ್ಲಿ. 2022ರ ಅಕ್ಟೋಬರ್‌ನಲ್ಲಿ ಬ್ಯಾಂಕು ನಮಗೆ ಡಾಲರ್ ಮಾರಿದ ದರ 83.20. ಹಾಗಾಗಿ ಕೈಗೆ ಬಂದದ್ದು 10,267 ಡಾಲರ್. ಮೂರು ವರ್ಷ ಕಾದು ಗಳಿಸಿದ್ದು 267 ಡಾಲರ್, ವರ್ಷಕ್ಕೆ ಶೇ. ಒಂದೂ ಇಲ್ಲ.

ಇದರಲ್ಲಿ ರೂಪಾಯಿ ಕುಸಿದದ್ದು ಎಲ್ಲರಿಗೂ ಕಾಣುತ್ತದೆ. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಅಂತರ ತಿಂದದ್ದು ಕಾಣುವುದಿಲ್ಲ. ಒಳಬರುವಾಗ ಮಾರುಕಟ್ಟೆ ದರಕ್ಕಿಂತ ಸುಮಾರು ಐವತ್ತು ಪೈಸೆ ಕಡಿಮೆ ಕೊಟ್ಟರು, ಹೊರಹೋಗುವಾಗ ಎಂಬತ್ತು ಪೈಸೆ ಹೆಚ್ಚು ಹಿಡಿದರು. ಈ ಎರಡು ಸಣ್ಣ ಕಚ್ಚುಗಳಿಂದಲೇ ಸುಮಾರು 170 ಡಾಲರ್ ಹೋಯಿತು. ಬಡ್ಡಿ ದರವನ್ನು ದಶಾಂಶದವರೆಗೆ ಹೋಲಿಸಿ ನೋಡುವ ನಾವು, ಠೇವಣಿ ಇಡುವ ದಿನ ಬ್ಯಾಂಕಿನ ವಿನಿಮಯ ದರಪಟ್ಟಿಯಲ್ಲಿ ಟಿಟಿ ಕೊಳ್ಳುವ ದರ ಮತ್ತು ಟಿಟಿ ಮಾರುವ ದರ ಎಂಬ ಎರಡು ಕಾಲಂಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದೇ ಇಲ್ಲ.

ಎಫ್‌ಸಿಎನ್‌ಆರ್ ಲೆಕ್ಕ ಬೇರೆ ಬಗೆಯದು. ಇಲ್ಲಿ ವರ್ಷವನ್ನು 360 ದಿನವೆಂದು ಹಿಡಿಯುತ್ತಾರೆ, 180 ದಿನಕ್ಕೊಮ್ಮೆ ಬಡ್ಡಿ ಅಸಲಿಗೆ ಸೇರುತ್ತದೆ, ಕೊನೆಯಲ್ಲಿ ಉಳಿದ ದಿನಗಳಿಗೆ ದಿನಲೆಕ್ಕದ ಬಡ್ಡಿ. ನಮ್ಮ ಮೂರು ವರ್ಷದಲ್ಲಿ 1,096 ದಿನಗಳಿದ್ದವು: 180ರ ಆರು ಕಂತು, ಮೇಲೆ ಹದಿನಾರು ದಿನ. ಹಾಗೆ ಹತ್ತು ಸಾವಿರ ಡಾಲರ್ 10,786 ಆಯಿತು. ಅಂದರೆ ಕಡಿಮೆ ಬಡ್ಡಿಯ ಠೇವಣಿಯೇ 519 ಡಾಲರ್ ಮುಂದೆ.

ರೂಪಾಯಿಯಲ್ಲಿ ನೋಡಿದರೂ ಅದೇ ಮುಂದೆ. ಅವಧಿ ಮುಗಿದ ದಿನ ಬ್ಯಾಂಕು ಡಾಲರ್ ಕೊಳ್ಳುತ್ತಿದ್ದ ದರ 81.90, ಆ ದರದಲ್ಲಿ ಅದು 8,83,350 ರೂಪಾಯಿಯ ಆಸುಪಾಸು. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ, ನಾನೂ ಮಾಡಿದ್ದೆ: ಬಡ್ಡಿ ಶೇ. 7.86, ಡಾಲರ್ ಏರಿದ್ದು ಶೇ. 16.3, ಒಟ್ಟು 24.2 ಎಂದು ಕೂಡಿಬಿಡುವುದು. ಕೂಡಬಾರದು, ಗುಣಿಸಬೇಕು, ಏಕೆಂದರೆ ಡಾಲರಿನ ಬೆಲೆ ಏರಿದಾಗ ಅಸಲಿನ ಜೊತೆಗೆ ಗಳಿಸಿದ ಬಡ್ಡಿಯ ಬೆಲೆಯೂ ಏರಿರುತ್ತದೆ. 1.0786ನ್ನು 1.1634ರಿಂದ ಗುಣಿಸಿದರೆ 1.2548, ಅಂದರೆ ಶೇ. 25.5ರ ಆಸುಪಾಸು. ವರ್ಷಕ್ಕೆ ಹಂಚಿದರೆ ಚಕ್ರಬಡ್ಡಿಯಂತೆ ಶೇ. 7.86 ಬರುತ್ತದೆ (ಮೂರು ವರ್ಷದ ಡಾಲರ್ ಬಡ್ಡಿಯೂ ಅದೇ ಅಂಕಿ ಆಗಿರುವುದು ಬರೀ ಕಾಕತಾಳೀಯ).

ಇನ್ನು ಆ ಕಿರಿಕಿರಿಯ ವಿಷಯ. 10,786 ಎಂದೆನಲ್ಲ, ಅಷ್ಟು ಡಾಲರ್ ನಮ್ಮ ಕೈಗೆ ಬರಲಿಲ್ಲ. ಠೇವಣಿ ತೆರೆಯುವಾಗಿನ ಅರ್ಜಿಯಲ್ಲಿ, ಅವಧಿ ಮುಗಿದಾಗ ಏನು ಮಾಡಬೇಕೆಂಬ ಪ್ರಶ್ನೆಯ ಎದುರು ನಾನು ‘ಖಾತೆಗೆ ಜಮಾ ಮಾಡಿ’ ಎಂಬ ಚೌಕಕ್ಕೆ ಗುರುತು ಹಾಕಿದ್ದೆ. ಖಾತೆ ಎಂದರೆ ಆ ಬ್ಯಾಂಕಿನಲ್ಲಿ ನಮಗಿದ್ದದ್ದು ಎನ್‌ಆರ್‌ಇ ಉಳಿತಾಯ ಖಾತೆ ಒಂದೇ, ಅದು ರೂಪಾಯಿಯದ್ದು. ಅವಧಿ ಮುಗಿದ ಬೆಳಿಗ್ಗೆ ಫೋನಿಗೆ ಸಂದೇಶ ಬಂತು: ಡಾಲರನ್ನು 81.90ರಂತೆ ಪರಿವರ್ತಿಸಿ ಜಮಾ ಮಾಡಲಾಗಿದೆ. ಶುಲ್ಕ ಕಟ್ಟಲು ಅದೇ ರೂಪಾಯಿಯಿಂದ 83.20ರಂತೆ ಮತ್ತೆ ಡಾಲರ್ ಕೊಂಡಾಗ ಸಿಕ್ಕದ್ದು 10,617. ಒಂದು ಗುರುತಿಗೆ 169 ಡಾಲರ್ ದಂಡ. ಮೂರು ವರ್ಷದ ಬಡ್ಡಿಯಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹೀಗೆ ಕರಗಿಹೋಯಿತು.

ಶಾಖೆಗೆ ಫೋನು ಮಾಡಿದರೆ, ‘ನೀವೇ ಸಹಿ ಮಾಡಿದ್ದೀರಲ್ಲ ಸಾರ್’ ಎಂದರು. ಮಾತು ನಿಜವೇ. ಆದರೆ ಅರ್ಜಿಯಲ್ಲಿ ‘ರೂಪಾಯಿಗೆ ಪರಿವರ್ತಿಸಿ’ ಎಂಬ ಪದ ಎಲ್ಲಿಯೂ ಇರಲಿಲ್ಲ, ಅವಧಿ ಮುಗಿಯುವ ಮುನ್ನ ಒಂದು ಎಚ್ಚರಿಕೆಯ ಸಂದೇಶವೂ ಬರಲಿಲ್ಲ. ಎಫ್‌ಸಿಎನ್‌ಆರ್ ಹಣವನ್ನು ಪರಿವರ್ತಿಸದೆ ಡಾಲರಿನಲ್ಲಿಯೇ ಹೊರಗೆ ಕಳುಹಿಸಬಹುದು; ಆದರೆ ಆ ಸೂಚನೆಯನ್ನು ನಮ್ಮ ಬ್ಯಾಂಕಿನ ನೆಟ್‌ಬ್ಯಾಂಕಿಂಗ್‌ನಲ್ಲಿ ಕೊಡಲು ಆಗುತ್ತಿರಲಿಲ್ಲ, ಅಲ್ಲಿದ್ದದ್ದು ನವೀಕರಣ ಮತ್ತು ಜಮಾ ಎಂಬ ಎರಡೇ ಆಯ್ಕೆ. ಬರವಣಿಗೆಯಲ್ಲಿ, ಅವಧಿ ಮುಗಿಯುವ ಕೆಲವು ದಿನ ಮುಂಚೆಯೇ ಕೊಡಬೇಕಿತ್ತು. ನವೀಕರಣದ ಚೌಕವೂ ಸುರಕ್ಷಿತವಲ್ಲ: ಠೇವಣಿ ತಾನಾಗಿ ಮುಂದುವರಿದ ಮೇಲೆ ಹಣ ಬೇಕಾಗಿ ವರ್ಷ ತುಂಬುವ ಮೊದಲೇ ತೆಗೆದರೆ ಹೊಸ ಅವಧಿಗೆ ಬಡ್ಡಿಯೇ ಇಲ್ಲ.

ಹಣ ಒಳಗೆ ಕಳುಹಿಸುವಾಗಲೂ ಇದೇ ಜಾಗರೂಕತೆ ಬೇಕು. ದಿರ್ಹಮ್ 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಕೊಂಡಿರುವುದರಿಂದ ನಮಗೆ ಡಾಲರ್ ಕೊಳ್ಳುವುದರಲ್ಲಿ ದೊಡ್ಡ ಏರುಪೇರು ಇಲ್ಲ. ಆದರೆ ಎಕ್ಸ್‌ಚೇಂಜ್ ಅಂಗಡಿಯ ಮೂಲಕ ಸಾಮಾನ್ಯವಾಗಿ ಊರಿಗೆ ಕಳುಹಿಸುವಂತೆ ಕಳುಹಿಸಿದರೆ ಅದು ರೂಪಾಯಿಯಾಗಿಯೇ ತಲುಪುತ್ತದೆ. ಡಾಲರ್ ವೈರ್ ಆಗಿ ನೇರ ಠೇವಣಿಗೇ ಹೋಗಬೇಕು.

ಎನ್‌ಆರ್‌ಇಯ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ಎರಡು ಠೇವಣಿಗಳೂ ಸಮವಾಗುವ ದರವನ್ನು ಹಿಂದಿನಿಂದ ಲೆಕ್ಕ ಹಾಕಿದರೆ 79.20 ಬರುತ್ತದೆ, ಡಾಲರ್ ಮಾರುವ ದರ ಅದಕ್ಕಿಂತ ಕೆಳಗಿದ್ದಿದ್ದರೆ ರೂಪಾಯಿ ಠೇವಣಿಯೇ ಗೆಲ್ಲುತ್ತಿತ್ತು. 2022ರ ಆರಂಭದಲ್ಲಿ ಡಾಲರ್ ಇನ್ನೂ 74-75ರಲ್ಲಿಯೇ ಇತ್ತು. ಅವಧಿ ಆಗಲೇ ಮುಗಿದಿದ್ದರೆ ಈ ಹೋಲಿಕೆಯನ್ನು ನಾನು ತಲೆಕೆಳಗಾಗಿ ಬರೆಯುತ್ತಿದ್ದೆ. ಆದ್ದರಿಂದ ಠೇವಣಿ ಇಡುವ ಮೊದಲು ಈ ಸಮದರವನ್ನು ಲೆಕ್ಕ ಹಾಕಿಕೊಳ್ಳುತ್ತೇನೆ: ರೂಪಾಯಿ ಠೇವಣಿಯ ಒಟ್ಟು ಬೆಳವಣಿಗೆಯನ್ನು ಡಾಲರ್ ಠೇವಣಿಯ ಒಟ್ಟು ಬೆಳವಣಿಗೆಯಿಂದ ಭಾಗಿಸಿ, ಇಂದಿನ ಕೊಳ್ಳುವ ದರದಿಂದ ಗುಣಿಸಿದರೆ ಸಾಕು. ಎರಡು ಬಡ್ಡಿಗಳ ಅಂತರ ಕಿರಿದಾದಷ್ಟೂ ಆ ದರ ಇಂದಿನ ದರಕ್ಕೆ ಹತ್ತಿರ ಬರುತ್ತದೆ, ಡಾಲರಿನಲ್ಲಿ ಉಳಿಯುವುದು ಸುಲಭವಾಗುತ್ತದೆ.

ಅವಧಿ ಮುಗಿಯುವ ದಿನದ ವಿನಿಮಯ ದರವನ್ನು ಇಂದೇ ನಿಗದಿ ಮಾಡುವ ಫಾರ್ವರ್ಡ್ ಒಪ್ಪಂದ ಸೇರಿಸಿ ರೂಪಾಯಿ ಲಾಭವನ್ನು ಮೊದಲೇ ಕಟ್ಟಿಕೊಡುವ ಮೂರನೆಯ ಬಗೆಯೂ ಇದೆ. ಡಾಲರಿನಲ್ಲೇ ಖರ್ಚು ಮಾಡುವ ನಮಗೆ ಅದು ಬೇಡ.

‘ಈ ದುಡ್ಡು ಖರ್ಚಾಗೋದು ಎಲ್ಲಿ?’ ಎಂದು ಹೆಂಡತಿ ಕೇಳಿದ ಮೇಲೆಯೇ ನಮ್ಮ ಹಂಚಿಕೆ ಸರಿಯಾದದ್ದು. ಊರಿನಲ್ಲಿರುವ ಅಪ್ಪ ಅಮ್ಮನ ಒಂದು ವರ್ಷದ ಖರ್ಚು ಎನ್‌ಆರ್‌ಇಯಲ್ಲಿದೆ. ಅದು ಮತ್ತೆ ಡಾಲರ್ ಆಗಬೇಕಿಲ್ಲ, ಹೆಚ್ಚು ಬಡ್ಡಿ ಪೂರ್ತಿ ದಕ್ಕುತ್ತದೆ. ಉಳಿದದ್ದೆಲ್ಲ ಎಫ್‌ಸಿಎನ್‌ಆರ್. ನಾವು ಅವಧಿಯ ನಡುವೆ ಊರಿಗೆ ಮರಳಿ ನೆಲೆಸಿದರೂ ಆ ಠೇವಣಿ ಒಪ್ಪಿದ ಬಡ್ಡಿಯಲ್ಲಿಯೇ ಅವಧಿ ಮುಗಿಯುವವರೆಗೆ ಮುಂದುವರಿಯಬಹುದು ಎಂಬುದೂ ನಮ್ಮ ಯೋಚನೆಗೆ ಹೊಂದಿತು. ಈ ಬಾರಿ ರಸೀದಿ ಬಂದ ದಿನವೇ ಬಡ್ಡಿಯ ಸಾಲಿಗಿಂತ ಮೊದಲು ಓದಿದ್ದು ಅವಧಿ ಮುಗಿದಾಗಿನ ಸೂಚನೆಯ ಸಾಲನ್ನು. ಡಾಲರಿನಲ್ಲಿಯೇ ಹೊರಗೆ ಕಳುಹಿಸಲು ಕೋರಿದ ಪತ್ರದ ಕರಡು, ತಾರೀಖಿನ ಜಾಗ ಖಾಲಿ ಬಿಟ್ಟು, ಅದರ ಜೊತೆಗೇ ಪಿನ್ ಹಾಕಿಟ್ಟಿದೆ.