ಮೂರು ಸಿಲಿಕಾನ್ ಡಿಟೆಕ್ಟರ್, ಒಂದೇ ಆಲ್ಫಾ: ಕಾಸರಗೋಡಿನ ಮಳೆಗಾಲದಲ್ಲಿ ಯಾವುದು ತಾಳಿತು?

ನಮ್ಮ ಲ್ಯಾಬಿನಲ್ಲಿ ಆಲ್ಫಾ ಕಣದ ಎನರ್ಜಿ ಅಳೆಯುವ ಮೂರು ಬಗೆಯ ಡಿಟೆಕ್ಟರ್ ಇವೆ. ಚಿನ್ನದ ತೆಳು ಲೇಪ ಇರುವ ಹಳೆಯ ಸರ್ಫೇಸ್ ಬ್ಯಾರಿಯರ್, ಅಯಾನ್ ಇಂಪ್ಲಾಂಟ್ ಮಾಡಿದ ಹೊಸತು, ಮತ್ತೆ ಕಿಟಕಿಯ ಗಾಜು ತೆಗೆದ ಬಿಪಿಎಕ್ಸ್ 61 ಫೋಟೋಡಯೋಡ್. ಮೂರಕ್ಕೂ ಒಂದೇ ಅಮೆರಿಸಿಯಮ್ 241 ಮೂಲ ತೋರಿಸಿ ನೋಡಿದೆ. ಅದರ ಮುಖ್ಯ ಆಲ್ಫಾ 5.486 ಎಂಇವಿ. ಸಿಲಿಕಾನಿನಲ್ಲಿ ಒಂದು ಜೋಡಿ ಚಾರ್ಜ್ ಹುಟ್ಟಲು ಸುಮಾರು 3.6 ಇವಿ ಬೇಕು, ಹಾಗಾಗಿ ಒಂದು ಆಲ್ಫಾ ಬಡಿದರೆ 15 ಲಕ್ಷ ಜೋಡಿ. ಅಷ್ಟನ್ನೂ ಬಾಚಿಕೊಂಡರೆ ಪಲ್ಸಿನ ಎತ್ತರವೇ ಎನರ್ಜಿ. ಬಾಚಿಕೊಳ್ಳದಿದ್ದರೆ ಅದು ಸುಮ್ನೆ ಒಂದು ನಂಬರ್.

ಇದು ಚೆನ್ನಾಗಿ ಕಂಡದ್ದು ಫೋಟೋಡಯೋಡಿನಲ್ಲಿ. ಈ ಆಲ್ಫಾ ಸಿಲಿಕಾನಿನೊಳಗೆ ಸುಮಾರು 28 ಮೈಕ್ರಾನ್ ಹೋಗಿ ನಿಲ್ಲುತ್ತದೆ. ಬಯಾಸ್, ಅಂದರೆ ಹೊರಗಿನ ವೋಲ್ಟೇಜ್, ಕೊಡದೆ ಡಯೋಡಿನ ಕೆಪಾಸಿಟೆನ್ಸ್ ಅಳೆದರೆ 72 ಪಿಕೋಫ್ಯಾರಡ್ ಬಂತು. ಏಳು ಚದರ ಮಿಲಿಮೀಟರ್ ಚಿಪ್ಪಿಗೆ ಲೆಕ್ಕ ಹಾಕಿದರೆ ಎಲೆಕ್ಟ್ರಿಕ್ ಫೀಲ್ಡ್ ಇರುವ ಡಿಪ್ಲೀಶನ್ ಪದರ ಬರೀ 10 ಮೈಕ್ರಾನ್. ಅಂದರೆ ಆಲ್ಫಾ ಆ ಪದರವನ್ನು ದಾಟಿ ಎಲೆಕ್ಟ್ರಿಕ್ ಫೀಲ್ಡೇ ಇಲ್ಲದ ಜಾಗಕ್ಕೆ ಹೋಗುತ್ತದೆ, ಅಲ್ಲಿ ಹುಟ್ಟಿದ ಚಾರ್ಜ್ ತೆವಳಿಕೊಂಡು ತಡವಾಗಿ ಬರುತ್ತದೆ, ಸ್ವಲ್ಪ ದಾರಿಯಲ್ಲೇ ಕಳೆದುಹೋಗುತ್ತದೆ. ಪಲ್ಸಿನ ಎತ್ತರದ ಗ್ರಾಫಿನಲ್ಲಿ ಪೀಕ್ 940ನೇ ಚಾನೆಲ್‌ನಲ್ಲಿ, ಎಡಕ್ಕೆ ಉದ್ದ ಬಾಲ. 9 ವೋಲ್ಟ್ ಬ್ಯಾಟರಿಯನ್ನು ರಿವರ್ಸ್ ಆಗಿ ಹಾಕಿದೆ. ಕೆಪಾಸಿಟೆನ್ಸ್ 18ಕ್ಕೆ ಇಳಿಯಿತು, ಪದರ 40 ಮೈಕ್ರಾನ್ ಆಯಿತು, ಪೀಕ್ 1100ಕ್ಕೆ ಬಂತು. 12 ವೋಲ್ಟ್ ಕೊಟ್ಟರೂ ಅಲ್ಲೇ ನಿಂತಿತು. ಬಯಾಸ್ ಏರಿಸಿದರೂ ಪೀಕ್ ಅಲುಗಾಡದಿದ್ದರೆ ಆಲ್ಫಾ ಪೂರ್ತಿ ಒಳಗೇ ನಿಂತಿದೆ ಅಂತ ಅರ್ಥ. ನಾನು ಯಾವ ಡಿಟೆಕ್ಟರ್ ಹಿಡಿದರೂ ಮೊದಲು ನೋಡುವುದು ಇದನ್ನೇ.

ಸರ್ಫೇಸ್ ಬ್ಯಾರಿಯರ್ ಕಥೆ ಬೇರೆ. ಬೇಸಿಗೆಯಲ್ಲಿ ಚೆಂದ ಕೆಲಸ ಮಾಡಿತ್ತು. ಜುಲೈನಲ್ಲಿ, ಹೊರಗೆ ನಾಲ್ಕು ದಿನದಿಂದ ಬಿಡದ ಮಳೆ, ಪೀಕ್ ಇದ್ದಕ್ಕಿದ್ದಂತೆ ದಪ್ಪ ಆಯಿತು. ಅಟೆಂಡರ್ ಅಣ್ಣ ಬಂದು ಪರದೆ ನೋಡಿ, "ಎಂತ ಸರ್, ಇದಕ್ಕೂ ಶೀತವಾ?" ಅಂದರು. ತಮಾಷೆಗೆ ಅಂದದ್ದು, ಆದರೆ ಸರಿಯಾಗಿಯೇ ಇತ್ತು. ಬಯಾಸ್ 50 ವೋಲ್ಟ್, ಅದು 20 ಮೆಗಾಓಮ್ ರೆಸಿಸ್ಟರ್ ಮೂಲಕ ಹೋಗುತ್ತದೆ. ಒಣಗಿದ್ದಾಗ ಡಿಟೆಕ್ಟರಿನಲ್ಲಿ ಸೋರುವ ಕರೆಂಟ್, ಅಂದರೆ ಲೀಕೇಜ್, 0.2 ಮೈಕ್ರೋಆಂಪ್, ರೆಸಿಸ್ಟರ್ ತಿನ್ನುವುದು 4 ವೋಲ್ಟ್ ಅಷ್ಟೇ. ಆ ದಿನ ತೇವಕ್ಕೆ ಲೀಕೇಜ್ 1.5. ಈಗ 30 ವೋಲ್ಟ್ ರೆಸಿಸ್ಟರಿಗೇ ಹೋಯಿತು, ಡಿಟೆಕ್ಟರಿಗೆ ಉಳಿದದ್ದು 20. ಬಯಾಸ್ ಸಪ್ಲೈಯ ಮೀಟರ್ ಮಾತ್ರ 50 ಅಂತಲೇ ತೋರಿಸುತ್ತಿತ್ತು!

ವಿಚಿತ್ರ ಅಂದರೆ ಪೀಕ್ ಜಾಗ ಬಿಟ್ಟು ಕದಲಿರಲಿಲ್ಲ. ಆ ಸಿಲಿಕಾನಿಗೆ 20 ವೋಲ್ಟ್‌ಗೂ ಡಿಪ್ಲೀಶನ್ 100 ಮೈಕ್ರಾನ್ ದಾಟುತ್ತದೆ, ಆಲ್ಫಾಗೆ 28 ಸಾಕಲ್ವಾ. ಕೆಟ್ಟದ್ದು ನಾಯ್ಸ್. ಲೀಕೇಜ್ ಕರೆಂಟಿನ ಗಲಾಟೆ, ಜೊತೆಗೆ ಪದರ ತೆಳುವಾಗಿ ಏರಿದ ಕೆಪಾಸಿಟೆನ್ಸ್. ಹಾಗಾಗಿ ಪೀಕ್ ಅಲ್ಲೇ ಇದ್ದು ಎರಡೂ ಕಡೆ ಒಂದೇ ಸಮ ದಪ್ಪ ಆದರೆ ಲೀಕೇಜ್ ನೋಡಿ. ಕೆಳಗೆ ಜಾರಿದರೆ ಮೂಲಕ್ಕೂ ಡಿಟೆಕ್ಟರಿಗೂ ನಡುವಿನ ವ್ಯಾಕ್ಯೂಮ್ ನೋಡಿ: ಒಂದು ಸೆಂಟಿಮೀಟರ್ ಗಾಳಿಯೇ ಹೆಚ್ಚು ಕಡಿಮೆ 0.9 ಎಂಇವಿ ತಿಂದುಬಿಡುತ್ತದೆ. ಇದು ಗೊತ್ತಿಲ್ಲದೆ ನಾನು ಮೊದಲ ವರ್ಷ ಒಂದು ವಾರ ಪ್ರೀಆಂಪ್ ಬಿಚ್ಚಿ ಕೂತಿದ್ದೆ.

ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಎರಡು ದಿನ ಇಟ್ಟ ಮೇಲೆ ಲೀಕೇಜ್ ಇಳಿಯಿತು. ಆದರೆ ಆ ಚಿನ್ನದ ಮುಖವನ್ನು ಬೆರಳಲ್ಲಿ ಮುಟ್ಟಿದರೆ ಮುಗಿಯಿತು, ಒರೆಸಲೂ ಆಗುವುದಿಲ್ಲ.

ಇಂಪ್ಲಾಂಟ್ ಮಾಡಿದ್ದಕ್ಕೆ ಈ ತೊಂದರೆ ಇಲ್ಲ. ಅಂಚುಗಳು ಆಕ್ಸೈಡ್ ಪದರದ ಕೆಳಗೆ ಮುಚ್ಚಿರುತ್ತವೆ, ಅದೇ ಜುಲೈಯಲ್ಲಿ ಲೀಕೇಜ್ ಕೆಲವೇ ನ್ಯಾನೋಆಂಪ್. ಧೂಳು ಕೂತರೆ ಆಲ್ಕೋಹಾಲ್ ಹಚ್ಚಿದ ಹತ್ತಿಯಲ್ಲಿ ಮೆಲ್ಲಗೆ ಒರೆಸಬಹುದು. ಅರ್ಧ ಎತ್ತರದಲ್ಲಿ ಪೀಕಿನ ಅಗಲ 20 ಕೆಇವಿ ಬಂತು. ಅಮೆರಿಸಿಯಮ್ಮಿನ 5.443 ಎಂಇವಿ ಚಿಕ್ಕ ಪೀಕ್ ದೊಡ್ಡದರ ಪಕ್ಕದಲ್ಲಿ ಬೇರೆಯಾಗಿ ಕಾಣಿಸಿದ್ದು ಇದರಲ್ಲಿ ಮಾತ್ರ. ಎರಡರ ನಡುವೆ ಇರುವುದು 43 ಕೆಇವಿ. ಸರ್ಫೇಸ್ ಬ್ಯಾರಿಯರ್‌ನಲ್ಲಿ ಒಣ ದಿನವೂ ಅಗಲ 40ರ ಹತ್ತಿರ, ಅಲ್ಲಿ ಅದು ಭುಜದ ಥರ ಉಬ್ಬುತ್ತದೆ ಅಷ್ಟೇ. ಫೋಟೋಡಯೋಡಿನಲ್ಲಿ ಅದೂ ಇಲ್ಲ. ಒಂದು ಮಾತು: ಮೂಲದ ಮೇಲೆ ತೆಳು ಲೋಹದ ಹಾಳೆ ಮುಚ್ಚಿದ್ದರೆ ಯಾವ ಡಿಟೆಕ್ಟರೂ ಇದನ್ನು ಬಿಡಿಸಿ ತೋರಿಸುವುದಿಲ್ಲ, ಡಿಟೆಕ್ಟರನ್ನು ಬೈದು ಪ್ರಯೋಜನ ಇಲ್ಲ.

ಬೆಳಕಿಗೆ ಮೂರೂ ಹೆದರುತ್ತವೆ. ಫೋಟೋಡಯೋಡ್ ಅಂತೂ ಬೆಳಕಿಗೇ ಹುಟ್ಟಿದ್ದು, ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಪರದೆ ತುಂಬ ಕಸ.

ಈಗ ಹೀಗೆ ಮಾಡಿದ್ದೇನೆ. ಐಸೋಟೋಪ್ ಗುರುತಿಸುವ ಕೆಲಸಕ್ಕೆ ಇಂಪ್ಲಾಂಟ್ ಮಾಡಿದ್ದು, ದುಬಾರಿ ಆದರೂ ಅದೇ. ಬಿ.ಎಸ್ಸಿ. ಮಕ್ಕಳ ಕೈಗೆ ಫೋಟೋಡಯೋಡ್, ಹಾಳಾದರೂ ಹೊಟ್ಟೆ ಉರಿಯುವುದಿಲ್ಲ, ಬಯಾಸ್ ಏರಿಸಿ ಪೀಕ್ ನಿಲ್ಲುವುದನ್ನು ಅವರೇ ಕಣ್ಣಾರೆ ನೋಡುತ್ತಾರೆ. ಚಿನ್ನದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿಯಲ್ಲೇ ಇರುತ್ತದೆ. ಜೆಲ್ ಬಣ್ಣ ಬಿಟ್ಟಿತಾ ಅಂತ ಅಟೆಂಡರ್ ಅಣ್ಣ ಸೋಮವಾರ ಸೋಮವಾರ ನೋಡುತ್ತಾರೆ.