ಹೆಜ್ಜೆ ಎಣಿಸೋಕೆ ತಗೊಂಡ ಬ್ಯಾಂಡು, ನಾಡಿ ನೋಡೋಕೆ ಉಳೀತು: 14 ತಿಂಗಳ ಬಳಕೆ

ಎರಡು ಸಾವಿರದ ಚಿಲ್ಲರೆಗೆ ಸಿಕ್ಕ ಫಿಟ್‌ನೆಸ್ ಬ್ಯಾಂಡು. ಹೆಜ್ಜೆ ಲೆಕ್ಕ ನೋಡೋದನ್ನ ಎರಡೇ ತಿಂಗಳಿಗೆ ಬಿಟ್ಟೆ. ರೊಟ್ಟಿ ತಟ್ಟಿದರೂ ಹೆಜ್ಜೆ ಅಂತಲೇ ಎಣಿಸುತ್ತೆ! ಈಗ ನಾನು ನೋಡೋದು ಒಂದೇ ಅಂಕಿ, ಸುಮ್ಮನಿದ್ದಾಗಿನ ಎದೆಬಡಿತ.

ಆ ಅಂಕಿಯ ಮೇಲೆ ಮೊದಲು ನಂಬಿಕೆ ಇರಲಿಲ್ಲ. ಬ್ಯಾಂಡು 58 ಅನ್ನುತ್ತಿತ್ತು, ಕೈ ಹಿಡಿದು ಎಣಿಸಿದರೆ 63–64 ಬರುತ್ತಿತ್ತು. ಆಮೇಲೆ ಆ್ಯಪ್‌ನ ಸಹಾಯದ ಪುಟ ಓದಿದಾಗ ಗೊತ್ತಾಯ್ತು, ಇದು ರಾತ್ರಿ ನಿದ್ದೆಯಲ್ಲಿ ಬಡಿತ ತೀರಾ ಇಳಿದ ಹೊತ್ತಿನ ಅಂಕಿ ತಗೊಳ್ಳುತ್ತೆ. ನಾನು ಎಣಿಸುತ್ತಿದ್ದದ್ದು ಎದ್ದಮೇಲೆ. ಎರಡೂ ಸರಿ, ಅಳೆಯುತ್ತಿರೋದು ಬೇರೆ ಬೇರೆ. ಹಾಗಾಗಿ ಗೆಳತಿಯ ವಾಚಿನ ಅಂಕಿಗೆ ನಿಮ್ಮದನ್ನ ಹೋಲಿಸಬೇಡಿ. ನಿಮ್ಮದಕ್ಕೆ ನಿಮ್ಮ ಹಳೆಯ ಅಂಕಿಯೇ ಅಳತೆಗೋಲು.

ಅಂದಿನಿಂದ ಭಾನುವಾರ ಬೆಳಿಗ್ಗೆ ಕೈಯಲ್ಲೂ ಎಣಿಸ್ತೀನಿ. ಕಾಫಿಗೆ ಮೊದಲು, ಬಚ್ಚಲಿಗೆ ಹೋಗಿಬಂದು, ಮಂಚದ ಮೇಲೆ ಐದು ನಿಮಿಷ ಮಾತಿಲ್ಲದೆ ಕೂತು. ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ತೋರುಬೆರಳು, ನಡುಬೆರಳು ಇಟ್ಟು ಪೂರ್ತಿ ಒಂದು ನಿಮಿಷ. ಹೆಬ್ಬೆರಳಲ್ಲಿ ಹಿಡಿದರೆ ಅದರದೇ ಮಿಡಿತ ಸಿಕ್ಕಿ ಲೆಕ್ಕ ಕೆಡುತ್ತೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸೋ ಅಭ್ಯಾಸವೂ ಬೇಡ, ಒಂದು ಬಡಿತ ತಪ್ಪಿದರೆ ನಾಲ್ಕು ತಪ್ಪಿದಂತೆ. ಬ್ಯಾಂಡನ್ನೂ ಮಣಿಕಟ್ಟಿನ ಮೂಳೆಗೆ ತಾಗಿಸದೆ ಒಂದು ಬೆರಳಷ್ಟು ಮೇಲೆ, ಜಾರದಂತೆ ಕಟ್ಟಬೇಕು. ಸಡಿಲಾದರೆ ಅದರ ಹಸಿರು ಬೆಳಕು ಚರ್ಮದ ಮೇಲೆ ನೆಟ್ಟಗೆ ಬೀಳದೆ ಏನೇನೋ ಅಂಕಿ ತೋರಿಸುತ್ತೆ.

ಒಂದು ದಿನದ ಏರಿಕೆಗೆ ತಲೆ ಕೆಡಿಸಿಕೊಳ್ಳಲ್ಲ. ಮದುವೆ ಮನೇಲಿ ತಡವಾಗಿ ಉಂಡ ರಾತ್ರಿ, ಜ್ವರ, ನಿದ್ದೆಗೆಟ್ಟದ್ದು, ಏಪ್ರಿಲ್ ಸೆಕೆ, ಎಲ್ಲದಕ್ಕೂ ಏರುತ್ತೆ. ಹೆಂಗಸರಿಗೆ ಇನ್ನೊಂದು ಲೆಕ್ಕ ಇದೆ. ಮುಟ್ಟಿನ ಹಿಂದಿನ ಎರಡು ವಾರ ಬಡಿತ ಎರಡು ಮೂರು ಹೆಚ್ಚೇ ಇರೋದು ಸಾಮಾನ್ಯ. ಅದಕ್ಕೇ ನಾನು ಈ ವಾರವನ್ನ ಕಳೆದ ವಾರದ ಜೊತೆ ಹೋಲಿಸದೆ, ಹಿಂದಿನ ತಿಂಗಳು ಮುಟ್ಟಾದ ದಿನದಿಂದ ಎಣಿಸಿ ಅದೇ ವಾರದ ಸರಾಸರಿಗೆ ಹೋಲಿಸ್ತೀನಿ.

ಈ ಹೋಲಿಕೆಯಿಂದಲೇ ಕಳೆದ ಮಳೆಗಾಲದಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಜೂನ್‌ನಲ್ಲಿ 58 ಇದ್ದ ವಾರದ ಸರಾಸರಿ ಜುಲೈಯ ಅದೇ ವಾರಕ್ಕೆ 62, ಆಗಸ್ಟ್‌ನಲ್ಲಿ 67. ಮೊದಲು ಬ್ಯಾಂಡೇ ಹಾಳಾಗಿದೆ ಅಂದುಕೊಂಡೆ, ಯಾಕಂದ್ರೆ ನಡುವೆ ಒಂದು ಅಪ್‌ಡೇಟ್ ಬಂದಿತ್ತು. ಆದರೆ ಅಪ್‌ಡೇಟ್‌ನಿಂದ ಆಗಿದ್ದರೆ ಒಂದೇ ದಿನ ಜಿಗಿದು ಅಲ್ಲೇ ನಿಲ್ಲಬೇಕಿತ್ತು, ಇದು ಮೆಟ್ಟಿಲು ಹತ್ತಿದ ಹಾಗೆ ಏರಿತ್ತು. ಭಾನುವಾರದ ಕೈಲೆಕ್ಕವೂ 73ಕ್ಕೆ ಬಂದಿತ್ತು. ಕೈಲೆಕ್ಕ ಅಲ್ಲಾಡದೆ ಬ್ಯಾಂಡು ಮಾತ್ರ ಏರಿದ್ದರೆ ಬ್ಯಾಂಡನ್ನೇ ಬೈತಿದ್ದೆ.

ಎರಡನೇ ಮಹಡಿ ಹತ್ತೋವಾಗ ಉಸಿರು ಕಟ್ಟುತ್ತಿತ್ತು. ವಯಸ್ಸು ನಲವತ್ತೊಂದಾಯ್ತಲ್ಲ ಅಂತ ಸುಮ್ಮನಿದ್ದೆ. ಡಾಕ್ಟರಿಗೆ ಈ ಅಂಕಿಗಳನ್ನೆಲ್ಲ ಬರೆದ ಚೀಟಿ ತೋರಿಸಿದಾಗ ಅವರು 73 ನೋಡಿ, "ಇದು ನಾರ್ಮಲ್ಲೇ ಕಣಮ್ಮ, 60ರಿಂದ 100ರೊಳಗೇ ಇದೆ" ಅಂದರು. ಚೀಟಿಯ ಕೆಳಗಿನ ಸಾಲುಗಳಲ್ಲಿ ಜೂನ್‌ನಿಂದ ಏರಿದ್ದನ್ನ ಓದಿದ ಮೇಲೆ, "ಮುಟ್ಟು ಜಾಸ್ತಿ ಹೋಗ್ತಿದೆಯಾ?" ಅಂತ ಕೇಳಿದರು. ಹೋಗ್ತಿತ್ತು, ನಾಲ್ಕೈದು ತಿಂಗಳಿಂದ.

ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಸರಿ ಇತ್ತು (ಅದು ಹೆಚ್ಚಾದರೂ ಬಡಿತ ಹೀಗೇ ಏರುತ್ತಂತೆ). ಹಿಮೋಗ್ಲೋಬಿನ್ ಮಾತ್ರ 9.2, ಹೆಂಗಸರಿಗೆ 12 ಆದರೂ ಇರಬೇಕು. ದೇಹದ ಕಬ್ಬಿಣದ ದಾಸ್ತಾನು ತೋರಿಸೋ ಫೆರಿಟಿನ್ ಕೂಡ ತಳ ಹಿಡಿದಿತ್ತು. ರಕ್ತ ಒಂದು ಸಲಕ್ಕೆ ಹೊರುವ ಆಮ್ಲಜನಕ ಕಡಿಮೆಯಾದಾಗ ಹೃದಯ ಹೆಚ್ಚು ಸಲ ಬಡಿದು ಸರಿದೂಗಿಸುತ್ತೆ. ರಕ್ತ ತಿಂಗಳುಗಟ್ಟಲೆ ನಿಧಾನವಾಗಿ ಕಡಿಮೆಯಾಗಿದ್ದರಿಂದ ನನಗೂ ಒಮ್ಮೆಲೇ ಗೊತ್ತಾಗಿರಲಿಲ್ಲ.

ಕಬ್ಬಿಣದ ಮಾತ್ರೆಯನ್ನ ಕಾಫಿ ಜೊತೆ ಬೇಡ, ನಿಂಬೆ ನೀರಿನ ಜೊತೆ ತಗೊಳ್ಳಿ ಅಂದರು. ಮಲ ಕಪ್ಪಗಾಗುತ್ತೆ ಅಂತ ಮೊದಲೇ ಹೇಳಿದ್ದು ಒಳ್ಳೇದಾಯ್ತು, ಇಲ್ಲದಿದ್ರೆ ಗಾಬರಿಯಾಗ್ತಿತ್ತು. ಮುಟ್ಟಿಗೂ ಚಿಕಿತ್ಸೆ ನಡೀತು. ಎರಡು ತಿಂಗಳಿಗೆ ಹಿಮೋಗ್ಲೋಬಿನ್ 11.4, ಬ್ಯಾಂಡಿನ ಸರಾಸರಿ 61. ಈಗ 59ರ ಆಸುಪಾಸಿನಲ್ಲಿದೆ.

ಬ್ಯಾಂಡು ಹೇಳಿದ್ದು ಬಡಿತ ಏರಿದೆ ಅಂತ ಅಷ್ಟೇ, ಕಾರಣ ಹೇಳಿದ್ದು ರಕ್ತ. ನಾಡಿ ತಪ್ಪಿ ತಪ್ಪಿ ಬಡಿಯುವವರಿಗೆ ಇದರ ಅಂಕಿ ನಂಬಿಕೆಗೆ ಸಾಲದು. ಬಡಿತ ಇಳಿಸೋ ಬಿಪಿ ಮಾತ್ರೆ ತಗೊಳ್ಳುವವರಲ್ಲಿ ಏರಿಕೆ ಕಾಣದೆಯೂ ಇರಬಹುದು, ಅದಕ್ಕೇ ನಮ್ಮತ್ತೆಯ ಮಣಿಕಟ್ಟಿಗೆ ಕಟ್ಟಿಲ್ಲ.

ಐದಕ್ಕೆ ಮೂರೂವರೆ ಸ್ಟಾರ್. ಅರ್ಧ ಸ್ಟಾರ್ ಕಿತ್ತದ್ದು ಪಟ್ಟಿಗೆ, ಎರಡು ಸಲ ಬದಲಾಯಿಸಿದ್ದೀನಿ. ಇನ್ನೊಂದು ಸ್ಟಾರ್ ಆ್ಯಪ್‌ಗೆ, ಮೂರು ತಿಂಗಳ ಹಿಂದಿನ ಅಂಕಿ ನೋಡಬೇಕಾದರೆ ದುಡ್ಡು ಕೇಳುತ್ತೆ. ಅದಕ್ಕೇ ನನ್ನ ಲೆಕ್ಕ ಎಲ್ಲಾ ಹಾಲಿನವನ ಲೆಕ್ಕ ಬರೆಯೋ ಕ್ಯಾಲೆಂಡರಿನಲ್ಲೇ ಇದೆ.